ಬಿಡಿ ಸೆಲ್‌ಗಳಿಂದ ಸೋಲಾರ್ ಪ್ಯಾನೆಲ್ ಕಟ್ಟಿದ ಅನುಭವ

ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಸೋಲಾರ್ ಪಾಠ ಮಾಡುವಾಗ ನನಗೊಂದು ತೊಡಕಿತ್ತು. ಸಿದ್ಧ ಪ್ಯಾನೆಲ್‌ನ ಮೇಲೆ ಗಾಜು, ಹಿಂದೆ ಬಿಳಿ ಹಾಳೆ, ಸುತ್ತ ಅಲ್ಯೂಮಿನಿಯಂ ಚೌಕಟ್ಟು. ಹಿಂದಿನ ಡಬ್ಬಿಯಿಂದ ಎರಡು ವೈರ್ ಹೊರಗೆ ಬರುತ್ತವೆ, ಅಷ್ಟೇ. ಒಳಗೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಹುದು, ಆದರೆ ಹುಡುಗರ ಕೈಗೆ ಕೊಡಲು ಏನೂ ಇರುವುದಿಲ್ಲ. ಅದಕ್ಕೇ 156 ಮಿಲಿಮೀಟರ್ ಚದರದ ಬಿಡಿ ಪಾಲಿಕ್ರಿಸ್ಟಲೈನ್ ಸೆಲ್‌ಗಳನ್ನು ತರಿಸಿ, 36 ಸೆಲ್‌ಗಳ ಒಂದು ಪ್ಯಾನೆಲ್ ನಾವೇ ಕಟ್ಟಿದೆವು.

ಸೆಲ್ಲನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದರ ತೆಳುವಿಗೆ ಬೆರಗಾಗುತ್ತಾರೆ. ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಭಾಗ, ಸುಮಾರು 200 ಮೈಕ್ರಾನ್. ಹಪ್ಪಳದ ಹಾಗೆ, ಮೂಲೆ ಹಿಡಿದು ಎತ್ತಿದರೆ ಚೂರು ಕೈಯಲ್ಲೇ ಉಳಿಯುತ್ತದೆ. ಮುಂಭಾಗ ನೀಲಿ, ಅದರ ಮೇಲೆ ಕೂದಲಿನಂಥ ಬೆಳ್ಳಿಗೆರೆಗಳು ಸುಮಾರು ಎರಡೆರಡು ಮಿಲಿಮೀಟರಿಗೆ ಒಂದೊಂದು. ಅವುಗಳನ್ನು ಅಡ್ಡಹಾಯುವ ಮೂರು ದಪ್ಪ ಪಟ್ಟಿಗಳೂ ಬೆಳ್ಳಿಯವೇ. ಹಿಂಭಾಗ ಬಹುಪಾಲು ಅಲ್ಯೂಮಿನಿಯಂ ಬಳಿದ ಬೂದು ಬಣ್ಣ. ನೀಲಿ ಸಿಲಿಕಾನ್‌ನ ಬಣ್ಣವಲ್ಲ. ಬರಿಯ ಸಿಲಿಕಾನ್ ಬೂದಾಗಿ ಹೊಳೆಯುತ್ತದೆ, ಬಿದ್ದ ಬೆಳಕಿನ ಮೂರನೇ ಒಂದು ಭಾಗದಷ್ಟನ್ನು ಹಾಗೇ ವಾಪಸ್ ಕಳಿಸುತ್ತದೆ. ಅದನ್ನು ತಡೆಯಲು ಸುಮಾರು 75 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪ ಕೊಡುತ್ತಾರೆ. ನೀಲಿ ಕಾಣುವುದು ಆ ಲೇಪದಿಂದ.

ಕಣ್ಣಿಗೆ ಕಾಣದ ಪದರ ಅದರ ಕೆಳಗಿದೆ. ಇಡೀ ಬಿಲ್ಲೆ ಬೋರಾನ್ ಬೆರೆಸಿದ ಸಿಲಿಕಾನ್. ಅಲ್ಲಲ್ಲಿ ಎಲೆಕ್ಟ್ರಾನ್ ಕೊರತೆಯಿರುವುದರಿಂದ ಇದನ್ನು ಪಿ ಭಾಗ ಎನ್ನುತ್ತೇವೆ, ಆ ಕೊರತೆಗಳನ್ನು ರಂಧ್ರ ಎನ್ನುತ್ತೇವೆ. ಮೇಲ್ಮೈಯಲ್ಲಿ ಮಾತ್ರ, ಅರ್ಧ ಮೈಕ್ರಾನಿಗೂ ಕಡಿಮೆ ಆಳಕ್ಕೆ, ಕುಲುಮೆಯಲ್ಲಿ ರಂಜಕವನ್ನು ಇಳಿಸಿರುತ್ತಾರೆ. ಅಲ್ಲಿ ಎಲೆಕ್ಟ್ರಾನ್ ಹೆಚ್ಚು, ಅದು ಎನ್ ಭಾಗ. ಇವೆರಡೂ ಸೇರುವ ಗಡಿಯಲ್ಲಿ ಎನ್ ಕಡೆಯ ಎಲೆಕ್ಟ್ರಾನ್‌ಗಳು ದಾಟಿಹೋಗಿ ಪಿ ಕಡೆಯ ರಂಧ್ರಗಳನ್ನು ತುಂಬುತ್ತವೆ. ಅವು ಬಿಟ್ಟುಹೋದ ರಂಜಕದ ಪರಮಾಣುಗಳು ಧನ ಆವೇಶದೊಂದಿಗೆ, ಬೋರಾನ್ ಪರಮಾಣುಗಳು ಋಣ ಆವೇಶದೊಂದಿಗೆ ಅಲ್ಲೇ ಕದಲದೆ ಕೂರುತ್ತವೆ. ಹೀಗೆ ಗಡಿಯ ಆಚೀಚೆ ಒಂದು ವಿದ್ಯುತ್ ಕ್ಷೇತ್ರ ತಾನಾಗಿ ನಿಲ್ಲುತ್ತದೆ. ಸೆಲ್ಲಿನ ಜೀವ ಇರುವುದು ಇಲ್ಲೇ.

ಬೆಳಕಿನ ಒಂದು ಕಣ, ಫೋಟಾನ್, ಸಿಲಿಕಾನ್‌ನೊಳಗೆ ಹೀರಲ್ಪಟ್ಟರೆ ಒಂದು ಎಲೆಕ್ಟ್ರಾನ್ ಬಂಧ ಕಳಚಿಕೊಂಡು ಓಡಾಡತೊಡಗುತ್ತದೆ, ಅದು ಇದ್ದ ಜಾಗದಲ್ಲಿ ಒಂದು ರಂಧ್ರ ಉಳಿಯುತ್ತದೆ. ಕರೆಂಟ್ ಹುಟ್ಟಿತು ಎಂದು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನೂ ಹುಟ್ಟಿಲ್ಲ. ಆ ಎಲೆಕ್ಟ್ರಾನ್‌ಗೆ ಬದುಕಿರಲು ಸಿಗುವುದು ಕೆಲವೇ ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅದು ಗೊತ್ತುಗುರಿಯಿಲ್ಲದೆ ಅಲೆಯುತ್ತಾ ಗಡಿಯನ್ನು ತಲುಪಿದರೆ, ಅಲ್ಲಿನ ಕ್ಷೇತ್ರ ಅದನ್ನು ಎನ್ ಕಡೆಗೆ ಎಳೆದುಕೊಳ್ಳುತ್ತದೆ. ತಲುಪದಿದ್ದರೆ ಯಾವುದೋ ರಂಧ್ರಕ್ಕೆ ಬಿದ್ದು ಬಿಸಿಯಾಗಿ ಮುಗಿದುಹೋಗುತ್ತದೆ. ಬೆಳಕು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ, ಗಡಿ ಅದನ್ನು ರಂಧ್ರದಿಂದ ಬೇರೆ ಮಾಡುತ್ತದೆ. ಬೇರೆ ಮಾಡುವ ಕೆಲಸವೇ ಹೆಚ್ಚು ಕಷ್ಟದ್ದು.

ಎನ್ ಪದರ ಅಷ್ಟು ತೆಳುವಾಗಿರಲು ಕಾರಣವೂ ಇದೇ. ನೀಲಿ ಬೆಳಕು ಮೊದಲ ಒಂದು ಮೈಕ್ರಾನಿನೊಳಗೇ ಹೀರಿಹೋಗುತ್ತದೆ. ರಂಜಕ ದಟ್ಟವಾಗಿ ತುಂಬಿದ ಜಾಗದಲ್ಲಿ ಹುಟ್ಟಿದ ಎಲೆಕ್ಟ್ರಾನ್-ರಂಧ್ರ ಜೋಡಿಗಳು ಬಹಳ ಬೇಗ ಮತ್ತೆ ಕೂಡಿಬಿಡುತ್ತವೆ. ಹಾಗಾಗಿ ಆ ಪದರ ದಪ್ಪವಾದಷ್ಟೂ ನೀಲಿ ಬೆಳಕು ದಂಡ. ತೆಳುವಾಗಿಸಿದರೆ ಬೇರೊಂದು ತೊಂದರೆ: ಅದರೊಳಗೆ ಅಡ್ಡಡ್ಡ ಹರಿಯುವ ಕರೆಂಟಿಗೆ ರೋಧ ಜಾಸ್ತಿ. ಅದಕ್ಕೇ ಎರಡು ಮಿಲಿಮೀಟರಿಗೊಂದು ಬೆಳ್ಳಿಗೆರೆ. ಗೆರೆ ಹೆಚ್ಚಾದರೆ ಅದರ ನೆರಳೇ ನಷ್ಟ, ಕಡಿಮೆಯಾದರೆ ರೋಧವೇ ನಷ್ಟ. ಇನ್ನು ಕೆಂಪಿನಾಚೆಯ ಬೆಳಕು ನೂರು ಮೈಕ್ರಾನ್ ಮತ್ತು ಅದಕ್ಕೂ ಆಳಕ್ಕೆ ಇಳಿಯುವುದರಿಂದ ಪಿ ಭಾಗ ಅಷ್ಟು ದಪ್ಪ ಇರಬೇಕಾಗುತ್ತದೆ. ಸುಮಾರು 1100 ನ್ಯಾನೊಮೀಟರಿಗಿಂತ ಉದ್ದದ ಅಲೆಗೆ ಮಾತ್ರ ಬಂಧ ಕಳಚುವ ಶಕ್ತಿಯೇ ಇಲ್ಲ. ಅದರಿಂದ ಕರೆಂಟೂ ಇಲ್ಲ.

ಬೆಸುಗೆಗೆ ಮುಂಚೆ ಒಂದೊಂದು ಸೆಲ್ಲನ್ನೂ ಬಿಸಿಲಿಗೆ ಇಟ್ಟು ಅಳೆದೆವು. ವೋಲ್ಟೇಜ್ 0.6ರ ಆಸುಪಾಸು. ಮೋಡ ಬಂದಾಗಲೂ ಅದು ಹೆಚ್ಚು ಇಳಿಯಲಿಲ್ಲ.

"ಸರ್, ನೆರಳಲ್ಲೂ ಅರ್ಧ ವೋಲ್ಟ್ ತೋರಿಸ್ತಿದೆ, ಹಂಗಾದ್ರೆ ಬಿಸಿಲು ಯಾಕೆ ಬೇಕು?" ಅಂದಳು ಒಬ್ಬಳು.

"ಮೀಟರನ್ನ ಹತ್ತು ಆಂಪಿಯರ್ ರೇಂಜಿಗೆ ಹಾಕಮ್ಮ, ಆಗ ನೋಡು" ಅಂದೆ.

ಕರೆಂಟ್ ಅಳೆದಾಗ ಬಿಸಿಲಿನಲ್ಲಿ 8 ಆಂಪಿಯರ್ ಹತ್ತಿರ ಇದ್ದದ್ದು ನೆರಳಿಗೆ ಹೋದ ಕೂಡಲೇ ಒಂದಕ್ಕಿಂತ ಕೆಳಗಿಳಿಯಿತು. ವೋಲ್ಟೇಜ್ ಬಹುಪಾಲು ವಸ್ತುವಿನ ಗುಣ, ಗಡಿಯ ಗುಣ. ಕರೆಂಟ್ ಎಂದರೆ ಎಷ್ಟು ಫೋಟಾನ್ ಬಂದವು ಎಂಬ ಎಣಿಕೆ. 8 ಆಂಪಿಯರ್ ಎಂದರೆ ಸೆಕೆಂಡಿಗೆ 5ರ ಮುಂದೆ 19 ಸೊನ್ನೆಗಳಷ್ಟು ಎಲೆಕ್ಟ್ರಾನ್. ಒಂದು ಫೋಟಾನಿಗೆ ಒಂದೇ ಎಲೆಕ್ಟ್ರಾನ್, ಫೋಟಾನ್ ನೀಲಿಯಾದರೂ ಅಷ್ಟೇ, ಕೆಂಪಾದರೂ ಅಷ್ಟೇ. ನೀಲಿಯಲ್ಲಿರುವ ಹೆಚ್ಚುವರಿ ಶಕ್ತಿ ಬಿಸಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಸೆಲ್ಲಿನ ಮೇಲ್ಮೈ 243 ಚದರ ಸೆಂಟಿಮೀಟರ್, ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿದ್ದರೆ ಅದರ ಮೇಲೆ ಬೀಳುವುದು 24 ವ್ಯಾಟ್. ಕೆಲಸ ಮಾಡುವಾಗ ಸಿಗುವುದು ಸುಮಾರು ಅರ್ಧ ವೋಲ್ಟ್ ಮತ್ತು 8 ಆಂಪಿಯರ್, ಅಂದರೆ 4 ವ್ಯಾಟ್. ಆರರಲ್ಲಿ ಒಂದು ಪಾಲು.

ಅರ್ಧ ವೋಲ್ಟಿನಿಂದ ಏನೂ ನಡೆಯುವುದಿಲ್ಲ, ಆದ್ದರಿಂದ ಸರಣಿ. ಒಂದು ಸೆಲ್ಲಿನ ಮುಂಭಾಗ ಋಣ, ಹಿಂಭಾಗ ಧನ. ತವರ ಲೇಪಿಸಿದ ತಾಮ್ರದ ಚಪ್ಪಟೆ ಪಟ್ಟಿಯನ್ನು ಒಂದರ ಮುಂಭಾಗಕ್ಕೆ ಬೆಸೆದು, ಅದೇ ಪಟ್ಟಿಯನ್ನು ಪಕ್ಕದ್ದರ ಹಿಂಭಾಗಕ್ಕೆ ಒಯ್ಯಬೇಕು. ಮೊದಲು ಫ್ಲಕ್ಸ್ ಸವರಿ, ಬಿಸಿ ಕಡ್ಡಿಯನ್ನು ಒತ್ತದೆ ನಿಧಾನವಾಗಿ ಎಳೆಯಬೇಕು. ಒತ್ತಿದರೆ ಬಿರುಕು. ಒಂದೇ ಜಾಗದಲ್ಲಿ ನಿಲ್ಲಿಸಿದರೆ ಬೆಳ್ಳಿ ಕರಗಿ ಬೆಸುಗೆಯೊಳಗೆ ಸೇರಿ ಪಟ್ಟಿ ಎದ್ದುಬರುತ್ತದೆ. ತಾಮ್ರ ತಣ್ಣಗಾಗುವಾಗ ಸಿಲಿಕಾನ್‌ಗಿಂತ ಹೆಚ್ಚು ಕುಗ್ಗುವುದರಿಂದ ಸೆಲ್ ಸ್ವಲ್ಪ ಬಾಗುವುದೂ ಉಂಟು. ಅದನ್ನು ನೇರ ಮಾಡಲು ಹೋಗಬಾರದು.

36 ಸೆಲ್ ಸೇರಿದ ಮೇಲೆ ಬೆಳಗಿನ ತಂಪಿನಲ್ಲಿ, ತುದಿಗಳಿಗೆ ಏನೂ ಜೋಡಿಸದೆ ಅಳೆದ ವೋಲ್ಟೇಜ್ 21 ದಾಟಿತ್ತು. ಮಧ್ಯಾಹ್ನ ಬಿಸಿಲು ಜೋರಾದಾಗ 19ರ ಹತ್ತಿರ ಬಂತು. ಹುಡುಗರು ಏನೋ ಕೆಟ್ಟಿದೆ ಅಂದುಕೊಂಡರು. ಕೆಟ್ಟಿರಲಿಲ್ಲ. ಸಿಲಿಕಾನ್ ಒಂದು ಡಿಗ್ರಿ ಬಿಸಿಯಾದರೆ ಪ್ರತಿ ಸೆಲ್ಲಿನ ವೋಲ್ಟೇಜ್ 2 ಮಿಲಿವೋಲ್ಟ್‌ನಷ್ಟು ಇಳಿಯುತ್ತದೆ. ಸೆಲ್ 30 ಡಿಗ್ರಿ ಹೆಚ್ಚು ಕಾದರೆ 36 ಸೆಲ್‌ಗಳಲ್ಲಿ ಎರಡು ವೋಲ್ಟಿಗೂ ಮೇಲೆ ಹೋಗುತ್ತದೆ. ಸೆಕೆಗಾಲದಲ್ಲಿ ಕಲಬುರಗಿ, ರಾಯಚೂರಿನ ಕಡೆ ಬಿಸಿಲು ಎಷ್ಟೇ ಇದ್ದರೂ ಪ್ಯಾನೆಲ್ ತನ್ನ ಹಣೆಪಟ್ಟಿಯ ವ್ಯಾಟ್ ಮುಟ್ಟದಿರುವುದಕ್ಕೆ ಇದು ದೊಡ್ಡ ಕಾರಣ. ಆ ಹಣೆಪಟ್ಟಿ ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. 12 ವೋಲ್ಟ್ ಬ್ಯಾಟರಿಗೆ 24 ಸೆಲ್ ಸಾಕಲ್ಲವೇ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ: ಬ್ಯಾಟರಿ ತುಂಬಲು ಪ್ಯಾನೆಲ್ಲಿನ ವೋಲ್ಟೇಜ್ ಬಿಸಿಯಲ್ಲೂ 14 ವೋಲ್ಟಿಗಿಂತ ಮೇಲಿರಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆರಳಿನ ಪ್ರಯೋಗ. ಬ್ಯಾಟರಿಗೆ ಜೋಡಿಸಿ, ಒಂದೇ ಒಂದು ಸೆಲ್ಲಿನ ಅರ್ಧಕ್ಕೆ ರಟ್ಟು ಮುಚ್ಚಿ. ಮುಚ್ಚಿದ್ದು ಪ್ಯಾನೆಲ್ಲಿನ 72ರಲ್ಲಿ ಒಂದು ಪಾಲು, ಆದರೆ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸರಣಿಯಲ್ಲಿ ಎಲ್ಲ ಸೆಲ್‌ಗಳಲ್ಲೂ ಹರಿಯುವುದು ಒಂದೇ ಕರೆಂಟ್, ಅರ್ಧ ಫೋಟಾನ್ ಬರುವ ಸೆಲ್ ಅದನ್ನು ಕಟ್ಟಿಹಾಕುತ್ತದೆ. ಪ್ಯಾನೆಲ್ಲಿನ ಎರಡು ತುದಿಗಳನ್ನು ನೇರ ಶಾರ್ಟ್ ಮಾಡಿದ್ದಾಗ ಹೀಗಾದರೆ ಇನ್ನೂ ಅಪಾಯ. ಉಳಿದ 35 ಸೆಲ್‌ಗಳ ಹದಿನೈದಿಪ್ಪತ್ತು ವೋಲ್ಟ್ ಈ ಬಡಪಾಯಿಯ ಮೇಲೆ ತಿರುಗಿಬೀಳುತ್ತದೆ, ನಾಲ್ಕು ಆಂಪಿಯರ್ ಜೊತೆ ಗುಣಿಸಿದರೆ 60ರಿಂದ 80 ವ್ಯಾಟ್ ಬಿಸಿ ಒಂದೇ ಸೆಲ್ಲಿನಲ್ಲಿ. ಬೆಸುಗೆ ಕರಗಲು ಅಷ್ಟು ಸಾಕು.

ಇದಕ್ಕೇ 18 ಸೆಲ್ಲಿಗೊಂದು ಬೈಪಾಸ್ ಡಯೋಡ್ ಹಾಕುವುದು. ಸೆಲ್ ತಡೆದಾಗ ಕರೆಂಟ್ ಡಯೋಡ್ ಮೂಲಕ ಆ ಅರ್ಧ ಪ್ಯಾನೆಲ್ಲನ್ನು ಬಳಸಿಕೊಂಡು ಹೋಗುತ್ತದೆ, ಸೆಲ್ ಸುಡುವುದಿಲ್ಲ. ಆದರೆ ಡಯೋಡ್ ಇದ್ದರೆ ನೆರಳಿನ ಚಿಂತೆಯೇ ಇಲ್ಲ ಎಂದು ಅಂಗಡಿಯವರು ಹೇಳುವುದನ್ನು ನಂಬಬೇಡಿ. ಒಂದು ಸೆಲ್ಲನ್ನು ಪೂರ್ತಿ ಮುಚ್ಚಿ ನೋಡಿದರೆ ಉಳಿದ 18 ಸೆಲ್‌ಗಳದ್ದು ಬರೀ ಹತ್ತು ವೋಲ್ಟ್, ಅದು 12 ವೋಲ್ಟ್ ಬ್ಯಾಟರಿಯನ್ನು ತುಂಬಿಸಲಾರದು. ಒಂಟಿ ಪ್ಯಾನೆಲ್ಲಿನಲ್ಲಿ ಡಯೋಡ್ ಪ್ಯಾನೆಲ್ಲನ್ನು ಕಾಪಾಡುತ್ತದೆ, ಚಾರ್ಜನ್ನಲ್ಲ. ತಾರಸಿಯ ನೀರಿನ ಟ್ಯಾಂಕಿನ ನೆರಳು ಬೆಳಗ್ಗೆ ಒಂದು ಮೂಲೆಗೆ ಬೀಳುವ ಕಡೆ ಪ್ಯಾನೆಲ್ಲನ್ನು ಸರಿಸುವುದೇ ಸರಿ.

ಬಿರುಕು ಹುಡುಕಲು ಸೆಲ್ಲನ್ನು ಹಿಂದುಮುಂದಾಗಿ ನಡೆಸಿದೆವು. ಕತ್ತಲ ಕೋಣೆಯಲ್ಲಿ ಪ್ಯಾನೆಲ್ಲಿನ ಧನ ತುದಿಗೆ ಪವರ್ ಸಪ್ಲೈಯ ಧನ, ಋಣಕ್ಕೆ ಋಣ ಜೋಡಿಸಿ, ಕರೆಂಟನ್ನು ಕೆಲವು ಆಂಪಿಯರಿಗೆ ಮಿತಿಗೊಳಿಸಿದರೆ ಹೊರಗಿನ ಎಲೆಕ್ಟ್ರಾನ್‌ಗಳು ಗಡಿ ದಾಟಿ ರಂಧ್ರಗಳಿಗೆ ಬೀಳುತ್ತವೆ, ಅದರಲ್ಲಿ ಅತಿ ಸಣ್ಣ ಪಾಲು ಬೆಳಕಾಗಿ ಹೊರಬರುತ್ತದೆ. ಆ ಬೆಳಕು ಕೆಂಪಿನಾಚೆಯದು, ಕಣ್ಣಿಗೆ ಕಾಣದು. ಒಳಗಿನ ಅವಕೆಂಪು ಸೋಸುಗಾಜು ತೆಗೆಸಿದ ಹಳೆಯ ಕ್ಯಾಮೆರಾದಲ್ಲಿ ಬಹಳ ಹೊತ್ತು ಶಟರ್ ತೆರೆದಿಟ್ಟು ತೆಗೆದರೆ ಕಾಣುತ್ತದೆ. ಸಾಮಾನ್ಯ ಮೊಬೈಲಿಗೆ ಆಗುವುದಿಲ್ಲ. ಫೋಟೋದಲ್ಲಿ ಎರಡು ಬಗೆಯ ಕಪ್ಪು ಸಿಕ್ಕಿತು. ಕೂದಲಿನಂಥ ಗೆರೆ ಮಾತ್ರ ಇದ್ದರೆ ಬಿರುಕು ಬಿಟ್ಟಿದೆ, ಆದರೆ ಬೆಳ್ಳಿಗೆರೆಗಳು ಇನ್ನೂ ಎರಡೂ ಕಡೆ ಸೇರಿಕೊಂಡಿವೆ. ಅಂಥ ಸೆಲ್ಲನ್ನು ಹಾಗೇ ಬಿಟ್ಟೆವು. ಒಂದು ಮೂಲೆಯೇ ಪೂರ್ತಿ ಕಪ್ಪಾಗಿದ್ದರೆ ಆ ತುಂಡು ಬೇರ್ಪಟ್ಟಿದೆ, ಅಷ್ಟು ಜಾಗದ ಎಲೆಕ್ಟ್ರಾನ್ ಹೊರಗೆ ಬರಲು ದಾರಿಯಿಲ್ಲ. ಅಂಥದ್ದನ್ನು ಕಿತ್ತು ಹೊಸದು ಬೆಸೆದ ಮೇಲೆ ಇಡೀ ಸರಣಿಯ ಕರೆಂಟ್ ಏರಿತು.

ಗಾಜು ಮತ್ತು ಸೆಲ್ ನಡುವೆ ಅಂಟುಹಾಳೆ ಇಟ್ಟು ನಿರ್ವಾತದಲ್ಲಿ ಸುಮಾರು 150 ಡಿಗ್ರಿಗೆ ಬೇಯಿಸುವ ಯಂತ್ರ ನಮ್ಮಲ್ಲಿಲ್ಲ. ಅದಿಲ್ಲದೆ ಗಾಜಿನೊಳಗೆ ತೇವ ಸೇರಿ ಬೆಸುಗೆ, ಬೆಳ್ಳಿ ಎರಡೂ ಹಾಳಾಗುತ್ತವೆ. ಹಾಗಾಗಿ ನಮ್ಮ ಪ್ಯಾನೆಲ್ ಲ್ಯಾಬಿನ ಒಳಗೇ ಇದೆ, ಬಿಸಿಲಿಗೆ ಪಾಠದ ಹೊತ್ತಿಗೆ ಮಾತ್ರ ತರುತ್ತೇವೆ. ಮನೆಯ ತಾರಸಿಗೆ ಇಪ್ಪತ್ತು ವರ್ಷ ಬಾಳುವಂಥದ್ದು ಬೇಕಿದ್ದರೆ ಕಾರ್ಖಾನೆಯದ್ದೇ ಕೊಳ್ಳಿ.