ಪ್ಯಾಕಪ್ ಏಳಕ್ಕೆ, ನಾಳೆ ಕಾಲ್ ಎಷ್ಟಕ್ಕೆ?

ಸಂಜೆ ಏಳಕ್ಕೆ ಕ್ಯಾಮೆರಾ ನಿಂತಿತು. ಮರುದಿನ ಬೆಳಗ್ಗೆ ಆರೂವರೆಗೆ ಯೂನಿಟ್ ಕಾಲ್, ಅಂದರೆ ಯೂನಿಟ್‌ನವರು ಕೆಲಸಕ್ಕೆ ಬಂದು ಸೇರಬೇಕಾದ ಹೊತ್ತು. ನಡುವೆ ಹನ್ನೊಂದೂವರೆ ಗಂಟೆ ಇದೆ, ಸಾಕಲ್ವಾ? ಸಹಾಯಕ ನಿರ್ದೇಶಕನಾಗಿದ್ದ ಮೊದಲ ದಿನಗಳಲ್ಲಿ ನಾನೂ ಹೀಗೇ ಲೆಕ್ಕ ಹಾಕುತ್ತಿದ್ದೆ. ಕಾಗದದ ಮೇಲೆ ಎಲ್ಲ ಸರಿಯಾಗಿರುತ್ತಿತ್ತು. ಮೇಕಪ್ ಮಾಡುವವರು ಮಾತ್ರ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು.

ಪ್ಯಾಕಪ್‌ನಿಂದ ಮರುದಿನದ ಕಾಲ್‌ವರೆಗಿನ ಬಿಡುವಿಗೆ ಟರ್ನ್‌ಅರೌಂಡ್ ಅಂತಾರೆ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಇರಬೇಕು. ಹಾಲಿವುಡ್ ತಂತ್ರಜ್ಞರ ಸಂಘದ 2021ರ ಒಪ್ಪಂದದಲ್ಲಿ ಅದು 10 ಗಂಟೆ. ಇಲ್ಲಿ 11 ಅಂತಲೇ ಇಟ್ಟುಕೊಳ್ಳೋಣ. ಈ 11 ಗಂಟೆ ಇಡೀ ಯೂನಿಟ್‌ಗೆ ಒಟ್ಟಾಗಿ ಸಿಕ್ಕಿದರೆ ಸಾಲದು, ಒಬ್ಬೊಬ್ಬರಿಗೂ ಸಿಗಬೇಕು.

ಮೊದಲು ನಾಳೆಯ ಮೊದಲ ಶಾಟ್‌ನಿಂದ ಹಿಂದಕ್ಕೆ ಎಣಿಸಿ. ಶಾಟ್ ಎಂಟಕ್ಕೆ ಎನ್ನಿ. ಲೈಟ್ ಹಾಕಲು ಒಂದೂವರೆ ಗಂಟೆ ಬೇಕು, ಹಾಗಾಗಿ ಲೈಟ್‌ನವರು ಆರೂವರೆಗೆ ಬರಬೇಕು. ನಾಯಕಿ 7:45ಕ್ಕೆ ಸೆಟ್‌ನಲ್ಲಿರಬೇಕು. ಕೂದಲು, ಮೇಕಪ್, ಬಟ್ಟೆ ಸೇರಿ ಒಂದೂಮುಕ್ಕಾಲು ಗಂಟೆ. ಅಂದರೆ ಆರಕ್ಕೆ ಕುರ್ಚಿಯಲ್ಲಿ ಕೂರಬೇಕು. ಸಾಮಾನು ಜೋಡಿಸಿಕೊಳ್ಳಲು ಮೇಕಪ್‌ನವರಿಗೆ ಅರ್ಧ ಗಂಟೆ ಬೇಕು, ಅವರ ಕಾಲ್ 5:30.

ಈಗ ಇವತ್ತಿನ ಪ್ಯಾಕಪ್‌ನಿಂದ ಮುಂದಕ್ಕೆ ಬನ್ನಿ. ಕ್ಯಾಮೆರಾ ನಿಂತದ್ದು ಏಳಕ್ಕೆ ನಿಜ, ಆದರೆ ಕೆಲಸ ನಿಂತದ್ದು ಆಗಲ್ಲ. ಲೈಟ್ ಇಳಿಸಿ, ಕೇಬಲ್ ಸುತ್ತಿ, ವ್ಯಾನಿಗೆ ತುಂಬುವಾಗ 7:45. ನಾಯಕಿಯ ವಿಗ್ ಬಿಚ್ಚಿ, ಮುಖ ತೊಳೆಸಿ, ಬ್ರಷ್‌ಗಳನ್ನೆಲ್ಲ ಒರೆಸಿಡುವಷ್ಟರಲ್ಲಿ ಮೇಕಪ್‌ನವರಿಗೂ 7:45.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಲೈಟ್‌ನವರಿಗೆ ಸಿಕ್ಕಿದ್ದು 10 ಗಂಟೆ 45 ನಿಮಿಷ. ಮೇಕಪ್‌ನವರಿಗೆ 9 ಗಂಟೆ 45 ನಿಮಿಷ. ಹೋಗಿ ಬರುವುದಕ್ಕೆ ಮುಕ್ಕಾಲು ಮುಕ್ಕಾಲು ಗಂಟೆ ಕಳೆದರೆ ಮನೆಯಲ್ಲಿ ಉಳಿಯುವುದು ಎಂಟೂಕಾಲು ಗಂಟೆ. ಊಟ, ಸ್ನಾನ ಎಲ್ಲ ಅದರೊಳಗೇ. ನಿದ್ದೆ ಆರು ಗಂಟೆ ಸಿಕ್ಕರೆ ಪುಣ್ಯ.

ಸುಲಭದ ದಾರಿ ಅಂದರೆ ಎಲ್ಲರ ಕಾಲ್ ಅನ್ನೂ ಒಂದೂಕಾಲು ಗಂಟೆ ಮುಂದೂಡುವುದು. ನಾನು ಅದನ್ನು ಕೊನೆಗೇ ಇಡುತ್ತೇನೆ. ಬೆಳಗಿನ ಬೆಳಕು ಹೋಗುತ್ತದೆ, ಪ್ಯಾಕಪ್ ಕೂಡ ಅಷ್ಟೇ ತಡವಾಗುತ್ತದೆ. ಅದರ ಬದಲು ಶಾಟ್‌ಗಳ ಸಾಲು ಬದಲಿಸಿ. ದೃಶ್ಯದಲ್ಲಿ ಅಪ್ಪ ಬಾಗಿಲು ತೆರೆದು ಖಾಲಿ ಅಂಗಳ ನೋಡುವ ಶಾಟ್ ಇದೆ ಎನ್ನಿ. ಅದನ್ನೇ ಮೊದಲು ತೆಗೆಯಿರಿ. ಅಪ್ಪನ ಮುಖಕ್ಕೆ ಹದಿನೈದು ನಿಮಿಷದ ಟಚಪ್ ಸಾಕು. ಹಿಂದಿನ ಸಂಜೆ ಬೇಗ ಕಳಿಸಿದ ಮೇಕಪ್ ಸಹಾಯಕರು ಅದನ್ನು ಮಾಡುತ್ತಾರೆ. ಮುಖ್ಯ ಮೇಕಪ್‌ನವರು 6:45ಕ್ಕೆ ಬಂದು 7:15ಕ್ಕೆ ನಾಯಕಿಯನ್ನು ಕೂರಿಸುತ್ತಾರೆ. ಒಂಬತ್ತಕ್ಕೆ ನಾಯಕಿ ರೆಡಿ. ಲೈಟ್‌ನವರ ಕಾಲ್ ಅನ್ನೂ 6:45ಕ್ಕೆ ತನ್ನಿ, ಮೊದಲ ಶಾಟ್ 8:15ಕ್ಕೆ. ಹೋದದ್ದು ಕಾಲು ಗಂಟೆ ಮಾತ್ರ, 11 ಗಂಟೆ ಎಲ್ಲರಿಗೂ ಸಿಕ್ಕಿತು.

ಸಂಜೆ ಶೂಟಿಂಗ್ ಒಂದು ಗಂಟೆ ಎಳೆದರೆ? ಆಗ ಕಾಲ್ ಮುಂದೂಡಲೇಬೇಕು. ಅದನ್ನು ಜನ ವ್ಯಾನ್ ಹತ್ತುವ ಮೊದಲೇ ಹೇಳಿ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದರೆ ಪ್ರಯೋಜನವಿಲ್ಲ. ನಿದ್ದೆ ಹೋದವರು ಹಳೆಯ ಟೈಮಿಗೇ ಅಲಾರ್ಮ್ ಇಟ್ಟಿರುತ್ತಾರೆ, ಬೆಳಗ್ಗೆ ಬಂದು ಸುಮ್ನೆ ಕೂರುತ್ತಾರೆ.

ಮುಂದೂಡುವುದಕ್ಕೂ ಮಿತಿ ಇದೆ. ಕಾಲ್‌ನಿಂದ ಸಾಮಾನು ತುಂಬುವವರೆಗೆ 13 ಗಂಟೆ, ಬಿಡುವು 11, ಒಟ್ಟು 24. ಅದರ ಮೇಲೆ ಒಂದು ಗಂಟೆ ಜಾಸ್ತಿಯಾದರೆ ನಾಳೆಯ ಕಾಲ್ ಒಂದು ಗಂಟೆ ಸರಿಯುತ್ತದೆ. ದಿನವೂ ಹಾಗೇ ಆದರೆ ಸೋಮವಾರ 6:45ಕ್ಕಿದ್ದ ಕಾಲ್ ಶುಕ್ರವಾರ 10:45ಕ್ಕೆ ಬಂದು ನಿಲ್ಲುತ್ತದೆ. ಶುಕ್ರವಾರದ ಕೆಲಸ ಮುಗಿಯುವಾಗ ಶನಿವಾರ ಶುರುವಾಗಿ ಮುಕ್ಕಾಲು ಗಂಟೆ ಆಗಿರುತ್ತದೆ, ವಾರದ ರಜೆಗೆ ಅಲ್ಲೇ ಕತ್ತರಿ. ಹಗಲಿನ ದೃಶ್ಯ ತೆಗೆಯಲು ಹೊತ್ತೂ ಉಳಿದಿರುವುದಿಲ್ಲ. ಆದ್ದರಿಂದ ಮಂಗಳವಾರದ ಕಾಲ್ ಸೋಮವಾರಕ್ಕಿಂತ ಒಂದು ಗಂಟೆ ತಡವಾಗಿದ್ದರೆ, ಅವತ್ತೇ ಎರಡು ಶಾಟ್ ಕೈಬಿಡುವ ಬಗ್ಗೆ ನಿರ್ದೇಶಕರ ಜೊತೆ ಕೂತು ಮಾತಾಡಿ. ಬುಧವಾರ ಅವರು ಒಪ್ಪುವುದು ಕಷ್ಟ, ಅಷ್ಟರಲ್ಲಿ ನಾಲ್ಕು ಶಾಟ್ ಬಿಡಬೇಕಾಗಿರುತ್ತದೆ.