ಕೆರೆಯ ಉಪಗ್ರಹ ಚಿತ್ರ ಕೇಳಿ ಬರೆದ ಪತ್ರ: ಮೂರನೇ ಸಲಕ್ಕೆ ಉತ್ತರ ಬಂತು

ಹೈಸ್ಕೂಲಿನವರು ಕೇಳಿದರೆ ಹೈ ರೆಸಲ್ಯೂಷನ್ ಚಿತ್ರ ಯಾರು ಕೊಡ್ತಾರೆ ಅಂತ ಜೊತೆಯ ಮೇಷ್ಟ್ರುಗಳೇ ಅಂದಿದ್ದರು. ಸರ್ಕಾರಿ ದೂರಸಂವೇದಿ ಕೇಂದ್ರ ಕೊಟ್ಟಿತು, ಲೈಸೆನ್ಸ್ ಷರತ್ತನ್ನೂ ಬರಹದಲ್ಲೇ ತಿಳಿಸಿತು. ಸ್ಪೀಡ್ ಪೋಸ್ಟು, ಪ್ರಿಂಟು ಎಲ್ಲ ಸೇರಿ ಮೂರು ಪತ್ರಕ್ಕೆ ಆದ ಖರ್ಚು ಹೆಚ್ಚೂಕಡಿಮೆ 400 ರೂಪಾಯಿ.

ಕೊಪ್ಪಳದ ಉತ್ತರಕ್ಕೆ 40 ಎಕರೆಯಷ್ಟು ಒಂದು ಕೆರೆ ಇದೆ. ಅದರ ಅಂಗಳವನ್ನು ಬಳ್ಳಾರಿ ಜಾಲಿ ಎಷ್ಟು ನುಂಗಿದೆ, ನೀರು ತರುವ ಹಳ್ಳ ಎಲ್ಲಿ ಮುಚ್ಚಿದೆ ಅಂತ ಮಕ್ಕಳು ಅಳೆಯಬೇಕಿತ್ತು. ಮೊದಲ ಪತ್ರದಲ್ಲಿ "ಕೊಪ್ಪಳ ಜಿಲ್ಲೆಯ ಹೈ ರೆಸಲ್ಯೂಷನ್ ಚಿತ್ರ ದಯಪಾಲಿಸಬೇಕು" ಅಂತಷ್ಟೇ ಇತ್ತು. ಉತ್ತರ ಬರಲಿಲ್ಲ. ಜಾಗ, ತಾರೀಖು, ಯಾವ ಬಣ್ಣದ ಬೆಳಕಿನ ಬ್ಯಾಂಡು ಅನ್ನೋದು, ಯಾವುದೂ ಇಲ್ಲದ ಕಾಗದದಿಂದ ಯಾರೂ ಚಿತ್ರ ಹುಡುಕೋಕೆ ಆಗಲ್ಲ.

ಎರಡನೆಯದರಲ್ಲಿ ಅಕ್ಷಾಂಶ ರೇಖಾಂಶ ಹಾಕಿದೆವು, ಅಲ್ಲೇ ಎಡವಿದೆವು. ಫೋನ್ ತೋರಿಸಿದ್ದು ಡೆಸಿಮಲ್ಲಿನಲ್ಲಿ 15.45 ಮತ್ತು 76.15. ಪತ್ರದಲ್ಲಿ ಅದು 15 ಡಿಗ್ರಿ 45 ನಿಮಿಷ, 76 ಡಿಗ್ರಿ 15 ನಿಮಿಷ ಆಗಿತ್ತು. 45 ನಿಮಿಷ ಅಂದರೆ 0.75 ಡಿಗ್ರಿ. ಹಾಗಾಗಿ ಕೆರೆ ಸುಮಾರು 35 ಕಿಲೋಮೀಟರ್ ಸರಿದು ಕುಷ್ಟಗಿ ಹತ್ತಿರ ಹೋಗಿ ಕೂತಿತ್ತು. ಮೂರನೇ ಸಲ ನಮಗೆ ಬೇಕಾದ ಜಾಗದ ನಾಲ್ಕೂ ಮೂಲೆಗಳನ್ನು ಡೆಸಿಮಲ್ಲಿನಲ್ಲೇ ಬರೆದು, ಅದನ್ನು ನಕ್ಷೆಯ ಮೇಲೆ ತೋರಿಸುವ ಕೆಎಂಎಲ್ ಕಡತವನ್ನೂ ಇಮೇಲಿಗೆ ಲಗತ್ತಿಸಿದೆವು.

ಪತ್ರ ನಿಂತಿದ್ದು ಎಷ್ಟು ಕೇಳಿದೆವು ಅನ್ನೋದರ ಮೇಲೆ. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ ಇಸ್ರೋ ಉಪಗ್ರಹಗಳ 5 ಮೀಟರ್, ಅಂದರೆ ಒಂದು ಪಿಕ್ಸೆಲ್ ನೆಲದ ಮೇಲೆ 5 ಮೀಟರ್ ಅಗಲ ಇರುವ, ಮತ್ತು ಅದಕ್ಕಿಂತ ಒರಟಾದ ಚಿತ್ರ ಎಲ್ಲರಿಗೂ ಉಚಿತ. ಅದಕ್ಕಿಂತ ಸೂಕ್ಷ್ಮವಾದದ್ದು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಉಳಿದವರಿಗೆ ಬೆಲೆ ಇದೆ. ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ ಚಿತ್ರ 5.8 ಮೀಟರಿನದು, ಇಸ್ರೋದ ಭೂನಿಧಿ ಪೋರ್ಟಲಿನಲ್ಲಿ ಸಿಗುತ್ತೆ. ಅದರ ಒಂದು ಪಿಕ್ಸೆಲ್ ಅಂದರೆ 33 ಚದರ ಮೀಟರ್ ಚಿಲ್ಲರೆ, 40 ಎಕರೆಗೆ 4,800 ಪಿಕ್ಸೆಲ್. ಜಾಲಿಯ ಮೆಳೆ ಅಳೆಯೋಕೆ ಇಷ್ಟು ಧಾರಾಳ ಸಾಕು. ಮೂರು ಮೀಟರ್ ಅಗಲದ ಹಳ್ಳ ಮಾತ್ರ ಅದರಲ್ಲಿ ಕಾಣಲ್ಲ. ಆದ್ದರಿಂದ ಕೆರೆಗೆ ಉಚಿತ ಚಿತ್ರ ಬಳಸಿದ್ದೇವೆ, ಹಳ್ಳದ ಎರಡು ಕಿಲೋಮೀಟರ್ ಪಟ್ಟಿಗೆ ಮಾತ್ರ 1 ಮೀಟರ್ ಅಥವಾ ಅದಕ್ಕಿಂತ ಸೂಕ್ಷ್ಮ ಚಿತ್ರ ಬೇಕು ಅಂತ ಲೆಕ್ಕ ಸಮೇತ ಬರೆದೆವು. ನಮ್ಮ ಸರ್ಕಾರಿ ಶಾಲೆ ಯಾವ ವರ್ಗಕ್ಕೆ ಸೇರುತ್ತೆ ಅಂತಲೂ ಮುಖ್ಯೋಪಾಧ್ಯಾಯರ ಲೆಟರ್‌ಹೆಡ್ಡಿನಲ್ಲೇ ಕೇಳಿದೆವು. ಖಾಸಗಿಯವರ ಹತ್ತಿರ ಹೋಗಿದ್ದರೆ ಹಳೇ ಚಿತ್ರಕ್ಕೂ ಸಾಮಾನ್ಯವಾಗಿ 25 ಚದರ ಕಿಲೋಮೀಟರ್ ಕನಿಷ್ಠ ಆರ್ಡರ್ ಇರುತ್ತೆ. ನಮ್ಮ ಕೆರೆ 0.16 ಚದರ ಕಿಲೋಮೀಟರ್.

ಬೇಸಿಗೆಯ ಚಿತ್ರವೇ ಬೇಕು ಅಂತ ಒತ್ತಿ ಬರೆಯಿರಿ. ಹುಲ್ಲೆಲ್ಲ ಒಣಗಿದಾಗಲೂ ಜಾಲಿ ಹಸಿರಾಗಿರುತ್ತೆ, ಚಿತ್ರದ ಕೆಂಪು ಬಣ್ಣದ ಜಾಗಕ್ಕೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬ್ಯಾಂಡ್ ಹಾಕಿದರೆ ಕೆಂಪಗೆ ಎದ್ದು ಕಾಣುತ್ತೆ. ಕಪ್ಪುಬಿಳುಪಿನ ಪ್ಯಾನ್ ಚಿತ್ರ ಒಂದನ್ನೇ ತಂದರೆ ಒದ್ದೆ ಎರೆಮಣ್ಣಿಗೂ ಜಾಲಿಗೂ ವ್ಯತ್ಯಾಸ ಹತ್ತಲ್ಲ. ಅಂಗಳದಲ್ಲಿ ಹಾಕಿದ ಸೌತೆಬಳ್ಳಿಯೂ ಕೆಂಪಗೇ ಕಂಡಿತು. ಮಕ್ಕಳು ಫೋನ್ ಜಿಪಿಎಸ್ ಹಿಡಿದು ಹೋಗಿ ನೋಡಿ ಅದನ್ನು ಜಾಲಿಯ ಲೆಕ್ಕದಿಂದ ಕಳೆದರು. ಫೋನು ನಾಲ್ಕೈದು ಮೀಟರ್ ತಪ್ಪುತ್ತೆ, ಹಾಗಾಗಿ ಮೆಳೆಯ ಅಂಚು ಬಿಟ್ಟು ನಡುವೆ ನಿಂತೇ ಗುರುತು ಮಾಡಬೇಕು. ಯಾವ ವಾರದ ಚಿತ್ರ ಆರಿಸಿದೆವು ಅನ್ನೋ ಲೆಕ್ಕ ಸದ್ಯಕ್ಕೆ ನಮ್ಮ ಮಕ್ಕಳ ಹತ್ತಿರವೇ ಇರಲಿ.

ಇನ್ನು ಲೈಸೆನ್ಸ್. "ಷರತ್ತು ತಿಳಿಸಿ" ಅಂತ ಕೇಳಿದರೆ ಅಚ್ಚಾದ ಒಪ್ಪಂದ ಬರುತ್ತೆ, ಶಾಲೆಗೆ ಬೇಕಾದ ಸಾಲು ಅದರಲ್ಲಿ ಸಿಗಲ್ಲ. ಹೌದು, ಇಲ್ಲ ಅಂತ ಉತ್ತರಿಸುವ ಹಾಗೆ ಕೇಳಬೇಕು. ನಾವು ಬರೆದದ್ದು ಹೀಗೆ:

"ಲೈಸೆನ್ಸ್ ಶಾಲೆಯ ಹೆಸರಿನಲ್ಲಿರುತ್ತದೆಯೇ? ಲ್ಯಾಬಿನ ಎಷ್ಟು ಕಂಪ್ಯೂಟರಿನಲ್ಲಿ ಇಡಬಹುದು? ಚಿತ್ರದ ಜೆಪೆಗ್ ಪ್ರತಿಯನ್ನು ವಸ್ತುಪ್ರದರ್ಶನದ ಪೋಸ್ಟರಿನಲ್ಲಿ ಅಚ್ಚು ಹಾಕಬಹುದೇ? ಚಿತ್ರದ ಮೇಲೆ ನಾವು ಎಳೆದ ಗೆರೆನಕ್ಷೆಯನ್ನು, ಮೂಲ ಚಿತ್ರ ಸೇರಿಸದೆ, ಗ್ರಾಮ ಪಂಚಾಯಿತಿಗೆ ಕೊಡಬಹುದೇ? ಕೃಪೆ ಎಂದು ಯಾವ ಪದಗಳಲ್ಲಿ ಬರೆಯಬೇಕು?"

ನಾಲ್ಕನೇ ಪ್ರಶ್ನೆಯೇ ಜೀವಾಳ. ಬಣ್ಣ ತಿದ್ದಿದ, ಎರಡು ಚಿತ್ರ ಬೆರೆಸಿದ ಪ್ರತಿಯಲ್ಲಿ ಮೂಲದ ಪಿಕ್ಸೆಲ್ ಉಳಿದಿರುತ್ತೆ, ಆದ್ದರಿಂದ ಮೂಲಕ್ಕಿರುವ ನಿರ್ಬಂಧವೇ ಸಾಮಾನ್ಯವಾಗಿ ಅದಕ್ಕೂ. ಗೆರೆನಕ್ಷೆಯಿಂದ ಪಿಕ್ಸೆಲ್ ವಾಪಸ್ ತೆಗೆಯೋಕೆ ಬರಲ್ಲ, ಅದಕ್ಕೇ ಬಹಳ ಲೈಸೆನ್ಸುಗಳು ಅದನ್ನು ಬೇರೆಯಾಗಿ ನೋಡುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹಾಕುವ ಯೋಚನೆ ಇದ್ದರೆ ಅದನ್ನು ಹೆಸರು ಹಿಡಿದೇ ಕೇಳಿ. ಪಂಚಾಯಿತಿಗೆ ಸಿಕ್ಕ ಒಪ್ಪಿಗೆ ಅದಕ್ಕೆ ನಡೆಯಲ್ಲ.

ಉತ್ತರ ಬರೋಕೆ ಐದಾರು ವಾರ ಹಿಡಿಯಿತು. ಪೋಸ್ಟರಿಗೆ ಒಪ್ಪಿಗೆ, ಗೆರೆನಕ್ಷೆಗೆ ಒಪ್ಪಿಗೆ. ಮೂಲದ ಜಿಯೋಟಿಫ್ ಕಡತ ಬೇರೆ ಶಾಲೆಗೂ ಕೊಡಕೂಡದು. ಪಕ್ಕದೂರಿನ ಶಾಲೆಯವರು ಪೆನ್‌ಡ್ರೈವ್ ತಂದಿದ್ದರು, ಅವರಿಗೆ ನಮ್ಮ ಪತ್ರದ ನಕಲು ಕೊಟ್ಟು ಕಳಿಸಿದೆವು.