ಒತ್ತುವುದನ್ನು ಬಿಟ್ಟು ನುಂಗುವುದನ್ನು ಕಲಿಸಿದೆ

ಹುಬ್ಬಳ್ಳಿಯಲ್ಲಿ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹನ್ನೊಂದು ವರ್ಷ. ಅಮೆರಿಕದ ಗಿರಾಕಿಗಳ ಫೋನು ಎತ್ತುವ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರೇ ನನ್ನಲ್ಲಿ ಹೆಚ್ಚು. "ನಮ್ಮವರ ಮಾತಿನ ಓಟ ಬದಲಾಗೋದಿಲ್ಲ, ಸುಮ್ಮನೆ ಗ್ರಾಮರ್ ಕಲಿಸ್ರಿ" ಎಂದು ಇದೇ ಊರಿನ ಇಬ್ಬರು ಮೇಷ್ಟ್ರು ನನಗೆ ಮುಖಕ್ಕೇ ಹೇಳಿದ್ದರು. ಕಳೆದ ಮೂರು ಬ್ಯಾಚುಗಳಲ್ಲಿ ಓಟ ಬದಲಾಗಿದೆ. ಆ ಮೇಷ್ಟ್ರಲ್ಲೊಬ್ಬರು ಈಗ ತಮ್ಮ ಕ್ಲಾಸಿನ ಮಕ್ಕಳನ್ನೇ ಕೊನೆಯ ತಿಂಗಳಿಗೆ ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಫೋನ್ ಕರೆಯಿಂದ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಿರಾಕಿಗೆ "ಐ ಕ್ಯಾನ್ ಡೂ ದಟ್ ಟುಡೇ" ಎಂದಳು. ಆ ಕಡೆಯಿಂದ "ವೈ ನಾಟ್?" ಎಂದು ಸಿಟ್ಟಿನ ಪ್ರಶ್ನೆ ಬಂತು. ಅವಳು ಮತ್ತೂ ಬಿಡಿಸಿ, ಮತ್ತೂ ಗಟ್ಟಿಯಾಗಿ "ಐ ಕ್ಯಾನ್" ಎಂದಳು. ಗಿರಾಕಿ ಮೇಲಧಿಕಾರಿಯನ್ನು ಕರೆ ಎಂದ. ವ್ಯಾಕರಣ ಸರಿ, ಉಚ್ಚಾರವೂ ಸರಿ. ಆದರೆ ಅಮೆರಿಕನ್ನರ ಬಾಯಲ್ಲಿ ವಾಕ್ಯದ ನಡುವಿನ 'ಕ್ಯಾನ್' ಸಾಮಾನ್ಯವಾಗಿ ತುಂಬಿಕೊಂಡು ಬರುವುದಿಲ್ಲ, 'ಕನ್' ಎಂದು ಮುದುಡಿಕೊಳ್ಳುತ್ತದೆ. ಸ್ವರ ತುಂಬಿ ಬರುವುದು 'ಕ್ಯಾಂಟ್' ಎನ್ನುವಾಗ, ಅದರ ಕೊನೆಯ ಟಕಾರವೋ ಅರ್ಧ ಕೇಳಿಸುವುದಿಲ್ಲ. ಹಾಗಾಗಿ ನಮ್ಮ ಹುಡುಗಿಯ ತುಂಬು 'ಕ್ಯಾನ್' ಅವನ ಕಿವಿಗೆ 'ಆಗೋದಿಲ್ಲ' ಎಂದು ಬಿತ್ತು. ಅವಳು ಬಿಡಿಸಿ ಹೇಳಿದಷ್ಟೂ ಅರ್ಥ ತಿರುಗುಮುರುಗಾಯಿತು.

ಆಗ ನಾನು ಕಲಿಸುತ್ತಿದ್ದದ್ದು ಎಲ್ಲರೂ ಕಲಿಸುವ ಹಾಗೆ: ಉಚ್ಚಾರದಲ್ಲಿ ಒತ್ತು ಬೀಳುವ ಅಕ್ಷರಕ್ಕೆ ಚಪ್ಪಾಳೆ. ಸಾಲದ್ದಕ್ಕೆ ತಾಳಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಕೊಂಡೆ, ವಿದೇಶಿ ಕೋರ್ಸಿನ ಸಾಫ್ಟ್‌ವೇರಿಗೆ ಹದಿನೆಂಟು ಸಾವಿರ ಸುರಿದೆ. 'ಇಂಗ್ಲಿಷಿನಲ್ಲಿ ಒತ್ತಿನಿಂದ ಒತ್ತಿಗೆ ಸಮ ಸಮಯ, ನಡುವೆ ಎಷ್ಟೇ ಅಕ್ಷರ ಇರಲಿ' ಎಂಬ ಮಾತನ್ನು ನಂಬಿ ಟಿಕ್ ಟಿಕ್ ಮೇಲೆ ವಾಕ್ಯ ಕೂರಿಸಿದೆ. ಎರಡು ಬ್ಯಾಚು, ಸುಮಾರು ಐದು ತಿಂಗಳು ಹೋಯಿತು. ಮಕ್ಕಳು ಒತ್ತಿನ ಅಕ್ಷರವನ್ನು ಕೂಗಿ ಹೇಳಲು ಕಲಿತರು, ಉಳಿದ ಅಕ್ಷರಗಳು ಮೊದಲಿನಷ್ಟೇ ತುಂಬಿಕೊಂಡಿದ್ದವು. ಮೊದಲು ಮಷಿನ್ ಗನ್ ಇತ್ತು, ಈಗ ಅದರ ನಡುವೆ ಪಟಾಕಿ ಹಾರಿದ ಹಾಗೆ. ನಾಲ್ಕು ಮಂದಿಗೆ ಫೀಸು ವಾಪಸ್ ಕೊಟ್ಟೆ.

ಆಮೇಲೆ ಓದಿದಾಗ ಗೊತ್ತಾಯಿತು, ಆ 'ಸಮ ಸಮಯ'ವೇ ಪೊಳ್ಳು. 1967ರಲ್ಲಿ ಧ್ವನಿಶಾಸ್ತ್ರಜ್ಞ ಅಬರ್‌ಕ್ರೋಂಬಿ ಲೋಕದ ಭಾಷೆಗಳನ್ನೆಲ್ಲ ಒತ್ತಿನಿಂದ ಒತ್ತಿಗೆ ಸಮ ಸಮಯದ ಒತ್ತಿನ ಲಯ, ಅಕ್ಷರ ಅಕ್ಷರಕ್ಕೂ ಸಮ ಸಮಯದ ಅಕ್ಷರದ ಲಯ ಎಂದು ಎರಡು ಗೂಡಿಗೆ ಹಾಕಿದರು. ನಮ್ಮ ಪಕ್ಕದ ತೆಲುಗು ಅವರ ಎರಡನೇ ಗೂಡಿನಲ್ಲಿತ್ತು. 1982ರಲ್ಲಿ ಪೀಟರ್ ರೋಚ್ ಧ್ವನಿಮುದ್ರಣ ಇಟ್ಟುಕೊಂಡು ಅಳೆದರೆ, ಇಂಗ್ಲಿಷಿನ ಒತ್ತುಗಳ ನಡುವಿನ ಅಂತರ ಸಮವಾಗಿಯೇ ಇರಲಿಲ್ಲ. ಮರುವರ್ಷ ರೆಬೆಕಾ ಡಾವರ್ ಬರೆದದ್ದು ನನ್ನ ಕಣ್ಣು ತೆರೆಸಿತು: ಇಂಗ್ಲಿಷ್ ಹಾಗೆ ಕೇಳಿಸುವುದು ಗಡಿಯಾರದಿಂದಲ್ಲ. ಒತ್ತಿಲ್ಲದ ಅಕ್ಷರದ ಸ್ವರ ಬಣ್ಣ ಕಳೆದುಕೊಂಡು ಕುಗ್ಗುವುದರಿಂದ, ಮತ್ತು ಒತ್ತಿನ ಅಕ್ಷರಕ್ಕೆ ವ್ಯಂಜನಗಳ ಗೊಂಚಲು ಅಂಟಿಕೊಳ್ಳುವುದರಿಂದ. ಮೆಟ್ರೊನೋಮನ್ನು ಸಂಗೀತದ ಮೇಷ್ಟ್ರಿಗೆ ಅರ್ಧ ಬೆಲೆಗೆ ಕೊಟ್ಟೆ.

ನಮ್ಮ ಕಷ್ಟ ಎಲ್ಲಿದೆ ಎಂದು ಸ್ಪಷ್ಟವಾದದ್ದು ಉಲ್ಟಾ ದಿಕ್ಕಿನಿಂದ. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಅಮೆರಿಕದ ಹುಡುಗನಿಗೆ ಆರು ವಾರ ಪುಕ್ಕಟೆ ಕನ್ನಡ ಕಲಿಸಿದೆ, ಅವನ ಮಾತು ರೆಕಾರ್ಡ್ ಮಾಡಿಕೊಳ್ಳುವ ಷರತ್ತಿನ ಮೇಲೆ. ಅವನು 'ನರಿ' ಎಂದರೆ ನಮಗೆ 'ನಾರಿ' ಎಂದು ಕೇಳುತ್ತಿತ್ತು. ಮೊದಲ ಅಕ್ಷರಕ್ಕೆ ಒತ್ತು ಬಿತ್ತು, ಒತ್ತು ಬಿದ್ದದ್ದು ಹಿಗ್ಗಿತು, ಕೊನೆಯದು ಕರಗಿತು. ನಮಗೆ ಉದ್ದ ಎಂದರೆ ಅರ್ಥ: ಬಡಿ ಬೇರೆ, ಬಾಡಿ ಬೇರೆ. ಒತ್ತಿಗೆಂದು ಉದ್ದವನ್ನು ಖರ್ಚು ಮಾಡುವ ಹಾಗಿಲ್ಲ. ಅವನಿಗೆ ಉದ್ದ ಎಂದರೆ ಒತ್ತಿನ ಗುರುತು. ನಮ್ಮ ಮಕ್ಕಳು 'ಆಫ್', 'ಟು', 'ಕ್ಯಾನ್'ಗಳಿಗೆ ಪೂರ್ತಿ ಮಾತ್ರೆ ಕೊಡುವುದು ಸೋಮಾರಿತನದಿಂದಲ್ಲ, ಕನ್ನಡದ ಶಿಸ್ತಿನಿಂದ.

ಇದೇ ಹುರುಪಿನಲ್ಲಿ ಒಂದು ಅಡ್ಡದಾರಿಗೂ ಹೋದೆ. ಲಘು ಗುರು ಎಲ್ಲರಿಗೂ ಶಾಲೆಯಿಂದ ಗೊತ್ತು, ಭಾಮಿನಿಯ ಮೂರು-ನಾಲ್ಕರ ನಡೆ ಕಿವಿಯಲ್ಲಿದೆ. ಇಂಗ್ಲಿಷ್ ವಾಕ್ಯಗಳಿಗೂ ಪ್ರಸ್ತಾರ ಹಾಕಿಸಿದೆ. ಮೂರೇ ದಿನಕ್ಕೆ ಎಲ್ಲರೂ ಮೊದಲಿಗಿಂತ ಕೆಟ್ಟರು. ಮಾತ್ರೆಯ ಲೆಕ್ಕದಲ್ಲಿ ಲಘುವಿಗೂ ಒಂದು ಖಾತ್ರಿ ಪಾಲಿದೆ, ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಇಂಗ್ಲಿಷಿನಲ್ಲಿ ಕಿತ್ತುಕೊಳ್ಳುವುದೇ ಕೆಲಸ.

ದಾರಿ ಸಿಕ್ಕಿದ್ದು ಕ್ಲಾಸಿನ ಹೊರಗೆ. ಹುಡುಗನೊಬ್ಬ ಫೋನಿನಲ್ಲಿ "ಊಟಾ ಮಾಡಾಕತ್ತೀನಿ" ಎಂದ. 'ಮಾಡಲಿಕ್ಕೆ ಹತ್ತಿದ್ದೇನೆ' ಎಂಬ ಎಂಟು ಅಕ್ಷರ ಅವನ ಬಾಯಲ್ಲಿ ಐದಾಗಿತ್ತು. ನುಂಗುವ ವಿದ್ಯೆ ನಮಗೆ ಗೊತ್ತಿಲ್ಲ ಎಂದವರು ಯಾರು? ಸಹಾಯಕ ಕ್ರಿಯಾಪದ ಹಿಂದಿನ ಪದದ ಬಾಲವಾಗಿ ಅಂಟುವುದು ಇಂಗ್ಲಿಷಿನಲ್ಲೂ ಇದೆ, ಇಲ್ಲೂ ಇದೆ. ಅವತ್ತಿನಿಂದ ಒತ್ತಿನ ಮಾತು ನಿಲ್ಲಿಸಿ, ನುಂಗುವುದನ್ನು ಮೊದಲು ಕಲಿಸಿದೆ.

ಈಗ ಮಾಡುವುದು ಹೀಗೆ. ಮೊದಲ ವಾರ ಇಂಗ್ಲಿಷೇ ಇಲ್ಲ. 'ಬರುತ್ತೇನೆ' ಹೇಳಿಸಿ, 'ಬರ್ತೀನಿ' ಹೇಳಿಸಿ, ಎಲ್ಲಿ ಯಾವ ಸ್ವರ ಹೋಯಿತು ಎಂದು ಬೆರಳಿಟ್ಟು ತೋರಿಸಲು ಹೇಳುತ್ತೇನೆ. ಎರಡನೇ ವಾರ ಮೂವತ್ತೈದೋ ನಲವತ್ತೋ ಸಣ್ಣ ಪದಗಳನ್ನು ಮಾತ್ರ ಹಿಡಿಯುತ್ತೇವೆ: ಎ, ದ, ಆಫ್, ಟು, ಫಾರ್, ಕ್ಯಾನ್, ವಾಸ್, ಹ್ಯಾವ್, ದೆಮ್ ಇಂಥವು. ಇವನ್ನು ಬಿಡಿಯಾಗಿ ಹೇಳುವಂತಿಲ್ಲ, ಬರೆಯುವಂತೆಯೂ ಇಲ್ಲ. 'ಎ ಕಪ್ ಆಫ್ ಟೀ' ಎಂದು ಜಾಗ ಬಿಟ್ಟು ಬರೆದ ಕೂಡಲೇ ಕಣ್ಣು ನಾಲ್ಕು ಪದ ನೋಡುತ್ತದೆ, ಬಾಯಿ ನಾಲ್ಕು ಏಟು ಹೊಡೆಯುತ್ತದೆ. 'ಅಕಪವ್ಟೀ' ಎಂದು ಒಂದೇ ಪದವಾಗಿ ಬರೆಸುತ್ತೇನೆ. ನಮ್ಮ ಹ್ರಸ್ವ 'ಅ' ಇಂಗ್ಲಿಷಿನ ಆ ಬಣ್ಣಗೆಟ್ಟ ಸ್ವರಕ್ಕೆ ಸಾಕಷ್ಟು ಹತ್ತಿರ, ಹೊಸ ಗುರುತು ಬೇಕಿಲ್ಲ. ಹೇಳಿಸುವುದು ಹಿಂದಿನಿಂದ: ಟೀ, ಅವ್ಟೀ, ಕಪವ್ಟೀ, ಅಕಪವ್ಟೀ. ಮುಂದಿನಿಂದ ಹೇಳಿಸಿದರೆ ಉಸಿರು ಮೊದಲ ಪದಕ್ಕೇ ಖರ್ಚಾಗುತ್ತದೆ. ಒತ್ತಿನ ಅಕ್ಷರವನ್ನು ಹಿಗ್ಗಿಸುವುದು ಮೂರನೇ ವಾರದ ಕೊನೆಗೆ. ಅಷ್ಟು ಹೊತ್ತಿಗೆ ಮುಕ್ಕಾಲು ಜನರಿಗೆ ಅದನ್ನು ಹೇಳಿಕೊಡಬೇಕಾಗುವುದೇ ಇಲ್ಲ. ಸುತ್ತಲಿನದು ಕುಗ್ಗಿದರೆ ಅದು ತಾನಾಗಿ ಎದ್ದು ಕಾಣುತ್ತದೆ. ಮೂರನೇ ವಾರದಲ್ಲಿ ನಾನು ಬಳಸುವ ಹನ್ನೆರಡು ವಾಕ್ಯಗಳ ಸಾಲನ್ನು ಇಲ್ಲಿ ಕೊಡುವುದಿಲ್ಲ, ಅದು ನನ್ನ ಅನ್ನ.

ಅಳೆಯಲು ಧ್ವನಿಯನ್ನು ಬಿಡಿಸಿ ತೋರಿಸುವ ಪ್ರಾಟ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ, ಪುಕ್ಕಟೆ ಸಿಗುತ್ತದೆ. ಎರಡು ಸಾವಿರ ಚಿಲ್ಲರೆಯ ಮೈಕು ಸಾಕು. ಗದಗಿನ ಹುಡುಗನೊಬ್ಬನ 'ಎ ಕಪ್ ಆಫ್ ಟೀ'ಯ ನಾಲ್ಕು ಸ್ವರಗಳು ಮೊದಲ ದಿನ ಹೆಚ್ಚುಕಡಿಮೆ 110, 90, 120, 160 ಮಿಲಿಸೆಕೆಂಡ್ ಇದ್ದವು. 'ಕಪ್'ಗಿಂತ 'ಆಫ್' ಉದ್ದ! ಐದನೇ ವಾರಕ್ಕೆ 45, 95, 40, 180. ಪಕ್ಕಪಕ್ಕದ ಎರಡು ಸ್ವರಗಳ ವ್ಯತ್ಯಾಸವನ್ನು ಅವೆರಡರ ಸರಾಸರಿಯಿಂದ ಭಾಗಿಸಿ, ಹಾಗೆ ಬಂದದ್ದರ ಸರಾಸರಿ ತೆಗೆದು ನೂರರಿಂದ ಗುಣಿಸುವ ಒಂದು ಲೆಕ್ಕ ಇದೆ. ಅದು 26ರಿಂದ 93ಕ್ಕೆ ಹೋಯಿತು. ನಾಲ್ಕೇ ಸ್ವರದ ತುಣುಕಾದ್ದರಿಂದ ಇಷ್ಟು ನೆಗೆತ, ಪೂರ್ತಿ ಪ್ಯಾರಾ ಓದಿಸಿದರೆ ಏರಿಕೆ ಚಿಕ್ಕದೇ.

ಈ ಸಂಖ್ಯೆಯನ್ನು ನಂಬಿ ನಾನು ಒಂದು ಬ್ಯಾಚು ಕೆಡಿಸಿದ್ದೇನೆ, ನೀವು ಕೆಡಿಸಬೇಡಿ. ಒಬ್ಬ ಹುಡುಗಿಯ ಅಂಕ ಎಲ್ಲರಿಗಿಂತ ಮೇಲಿತ್ತು, ಫೋನಿನಲ್ಲಿ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕೇಳಿ ನೋಡಿದರೆ ಅವಳು ಕನ್ನಡದ ದೀರ್ಘಗಳನ್ನೇ ಇಂಗ್ಲಿಷಿಗೆ ಹಾಕುತ್ತಿದ್ದಳು: 'ಕಂಫರ್ಟೇಬಲ್'ನಲ್ಲಿ 'ಟೇ', 'ವೆಜಿಟೇಬಲ್'ನಲ್ಲೂ 'ಟೇ'. ಉದ್ದ ಗಿಡ್ಡದ ಅಂತರ ಇದೆ, ಆದರೆ ತಪ್ಪು ಜಾಗದಲ್ಲಿ. 2002ರಲ್ಲಿ ಗ್ರೇಬ್ ಮತ್ತು ಲೋ ಇದೇ ಅಳತೆಯಲ್ಲಿ ಬ್ರಿಟಿಷ್ ಇಂಗ್ಲಿಷಿಗೆ ಸುಮಾರು 57 ಕೊಟ್ಟರೆ, ತಮಿಳಿಗೂ 55ರ ಮೇಲೆಯೇ ಬಂದಿತ್ತು, ಭಾಷೆಗೊಬ್ಬರ ಧ್ವನಿ ಮಾತ್ರ ಅಳೆದದ್ದಾದರೂ. ಹ್ರಸ್ವ ದೀರ್ಘದಿಂದಲೇ ಅರ್ಥ ಬೇರೆ ಮಾಡುವ ನಮ್ಮಂಥ ಭಾಷೆಗಳಿಗೆ ಈ ಅಂಕ ತಾನಾಗಿ ಏರಬಹುದು. ಈಗ ನಾನು ಒಟ್ಟು ಅಂಕ ನೋಡುವುದಿಲ್ಲ. ಸಣ್ಣ ಪದದ ಸ್ವರ, ಪಕ್ಕದ ಒತ್ತಿನ ಸ್ವರದ ಅರ್ಧಕ್ಕಿಂತ ಕಡಿಮೆ ಇದೆಯೇ ಎಂಬುದಷ್ಟೇ ನೋಡುತ್ತೇನೆ.

ಇನ್ನೆರಡು ಕಡೆ ಜನ ಜಾರುತ್ತಾರೆ. ನುಂಗುವುದು ಎಂದರೆ ವೇಗ ಎಂದುಕೊಳ್ಳುವುದು ಒಂದು. ಹಾಗೆ ಮಾಡಿದವರಿಗೆ ಎಲ್ಲವೂ ಒಟ್ಟಿಗೆ ಕುಗ್ಗಿ, ಒತ್ತಿನ ಪದದ ಕೊನೆಯ ವ್ಯಂಜನವೂ ಹಾರಿಹೋಗುತ್ತದೆ. ವಾಕ್ಯದ ಒಟ್ಟು ಸಮಯ ತೀರಾ ಇಳಿದಿದ್ದರೆ ಇದೇ ಕಾಯಿಲೆ ಎಂದು ತಿಳಿಯಬೇಕು. ಇನ್ನೊಂದು, ಎಲ್ಲೆಡೆ ನುಂಗುವುದು. ವಾಕ್ಯದ ಕೊನೆಗೆ ಬಂದ 'ಕ್ಯಾನ್', 'ಟು', 'ಆಫ್' ಇಂಥ ಸಣ್ಣ ಪದ ಕುಗ್ಗುವುದಿಲ್ಲ. "ಕ್ಯಾನ್ ಯು ಡೂ ಇಟ್?" ಎಂದು ಕೇಳಿದಾಗ ಮೊದಲಿನದು 'ಕನ್', ಆದರೆ ಉತ್ತರ "ಎಸ್, ಐ ಕ್ಯಾನ್" ಎಂದು ತುಂಬಿಯೇ ಬರಬೇಕು. ನನ್ನ ಜಾಣ ವಿದ್ಯಾರ್ಥಿಯೇ "ಎಸ್ ಐ ಕನ್" ಎಂದು ಸಂದರ್ಶನದಲ್ಲಿ ಎಡವಿದ.

ಟಕಾರ, ಡಕಾರ, ವಕಾರಗಳನ್ನು ನಾನು ಈಗ ಮುಟ್ಟುವುದೇ ಇಲ್ಲ. ಮೊದಲೆಲ್ಲ ಅವಕ್ಕೇ ತಿಂಗಳು ಕಳೆಯುತ್ತಿದ್ದೆ. ಅವು ಹಾಗೇ ಇದ್ದರೂ, ಹಿಂದಿನ ಮೂರು ಬ್ಯಾಚಿನ ಐವತ್ತು ಚಿಲ್ಲರೆ ಮಂದಿಯಲ್ಲಿ ನಲವತ್ತರ ಹತ್ತಿರ ಜನ ಫೋನ್ ಸಂದರ್ಶನ ದಾಟಿದರು. ಮೊದಲು ಅರ್ಧ ದಾಟಿದರೆ ಹೆಚ್ಚು. ಎಣಿಸದೇ ಸಿಕ್ಕ ಲಾಭ ಎಂದರೆ ಕಿವಿ: ತಾವೇ ನುಂಗಲು ಕಲಿತವರಿಗೆ ಗಿರಾಕಿ ನುಂಗಿದ 'ಹ್ಯಾವ್', 'ದೆಮ್'ಗಳು ಕೇಳಿಸತೊಡಗಿದವು.

ಮಂಡ್ಯದ ಗಿರಾಕಿಗೋ ಚೆನ್ನೈನ ಬ್ಯಾಂಕಿಗೋ ಮಾತಾಡುವ ಮಕ್ಕಳಿಗೆ ಮಾತ್ರ ಇದನ್ನು ಕಲಿಸುವುದಿಲ್ಲ. ಕಲಿತವಳೊಬ್ಬಳು ಮದುರೈಯ ಮ್ಯಾನೇಜರಿಗೆ "ಐ ಕನ್ ಸೆಂಡ್ ಇಟ್" ಎಂದಾಗ ಅವರು ಮೂರು ಸಲ "ವಾಟ್?" ಎಂದರಂತೆ. ನಾಲ್ಕನೇ ಸಲ ಅವಳು ಹಳೆಯ ತುಂಬು 'ಕ್ಯಾನ್'ಗೆ ಮರಳಿದಳು, ಕೆಲಸವಾಯಿತು.